ಸಹಾಯ ಬೇಕು: ಮೋಡ್‌ಬಸ್‌ನಲ್ಲಿ ಪಂಪ್ ಆನ್ ಆಗ್ತಿಲ್ಲ, 85 04 ಬರ್ತಿದೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಹತ್ತಿರ ನಮ್ಮ ಅಡಿಕೆ ತೋಟದ ಪಂಪ್ ಪ್ಯಾನೆಲನ್ನು ಲ್ಯಾಪ್‌ಟಾಪ್‌ನಿಂದ ಮೋಡ್‌ಬಸ್ ಆರ್‌ಟಿಯುನಲ್ಲಿ ನಡೆಸಲು ನೋಡ್ತಿದ್ದೇನೆ. ಓದೋದಕ್ಕೆ ತೊಂದರೆಯಿಲ್ಲ. ಕಾಯಿಲ್ 01ರಲ್ಲಿ, ಪಂಪ್ ಓಡ್ತಿದೆಯಾ ಅನ್ನುವ ಡಿಸ್ಕ್ರೀಟ್ ಇನ್‌ಪುಟ್ 02ರಲ್ಲಿ ಸರಿಯಾಗಿ ಬರ್ತವೆ. ಆನ್ ಮಾಡಲು 05 ಕಳಿಸಿದಾಗ ಮಾತ್ರ ಹೀಗೆ (ಸಿಆರ್‌ಸಿ ಬಿಟ್ಟು):

```
01 05 00 00 00 01  ->  01 85 03
01 05 00 00 FF 00  ->  01 85 04
```

85 ಅಂದ್ರೆ 05ಕ್ಕೆ 80 ಸೇರಿದ್ದು, ಅಂದರೆ ಎಕ್ಸೆಪ್ಷನ್, ಅಷ್ಟು ಗೊತ್ತಾಯ್ತು. ಮೊದಲನೆಯದು ನನ್ನದೇ ತಪ್ಪು, 05ರಲ್ಲಿ ಆನ್‌ಗೆ FF 00 ಅಂತಲೇ ಕಳಿಸಬೇಕು. ಎರಡನೆಯದರಲ್ಲಿ ವಿಳಾಸ ತಪ್ಪಿದ್ದರೆ 02 ಬರಬೇಕಿತ್ತಲ್ಲ? ಕೇಬಲ್ ಬದಲಿಸಿದೆ, ವೇಗ ಇಳಿಸಿದೆ, ಅದೇ ಉತ್ತರ. ಪ್ಯಾನೆಲ್‌ನ ಸ್ವಿಚ್ 'ಲೋಕಲ್'ನಲ್ಲಿದೆ. ತಂದೆಯವರು ಕೈಯಿಂದಲೇ ಪಂಪ್ ಹಾಕ್ತಾರೆ, ಹಾಗಾಗಿ ಮುಟ್ಟಿಲ್ಲ.

ಸ್ವಿಚ್ ಲೋಕಲ್‌ನಲ್ಲಿದ್ದರೆ ಓದಲು ಬಿಟ್ಟು ಬರೆಯುವಾಗ 04 ಕೊಡುವ ಪ್ಯಾನೆಲ್ ಯಾರಾದರೂ ನೋಡಿದ್ದೀರಾ? ಇಲ್ಲವಾದರೆ 04ಕ್ಕೆ ಮೊದಲು ಏನು ನೋಡಲಿ?