‘ನಂಜು ಏರಿದೆ’ ಅಂದರೆ ಯಾವುದು? ಕಣಜ ಕಚ್ಚಿದಾಗಿನ ಮಾತು

ಬದಿಯಡ್ಕದಿಂದ: ಶಾಲೆಗೆ ಪ್ರಥಮ ಚಿಕಿತ್ಸೆಯ ಪುಟ ಬರೆಯುತ್ತಿದ್ದೇನೆ. ‘ನಂಜು’ ಪದದಲ್ಲಿ ಸಿಕ್ಕಿಬಿದ್ದೆ. ಅಡಿಕೆ ತೋಟದಲ್ಲಿ ಅಪ್ಪನ ಕೈಗೆ ಕಣಜ ಕಚ್ಚಿತು. ಮರುದಿನ ಮೊಣಕೈವರೆಗೆ ಊದಿತ್ತು. ಅಮ್ಮ ‘ನಂಜು ಏರಿದೆ’ ಅಂದರು. ಹಿಂದೆ ನೆರೆಮನೆಯವರು ಕಚ್ಚಿಸಿಕೊಂಡು ಹತ್ತು ನಿಮಿಷದಲ್ಲಿ ಬವಳಿ ಬಂದು ಬಿದ್ದಾಗಲೂ ಅದೇ ಮಾತು ಹೇಳಿದ್ದರು. ಎರಡಕ್ಕೂ ಒಂದೇ ಪದ ಸಾಕಾ? ಮತ್ತೆ, ‘ಕೊಂಡಿ ತೆಗೆಯಿರಿ’ ಅನ್ನಲೋ, ‘ಮುಳ್ಳು’ ಅನ್ನಲೋ?

ಪೆರ್ಲದ ಮೇಷ್ಟ್ರು: ಕೊಂಡಿ ಚೇಳಿಗೆ. ಜೇನಿಗೂ ಕಣಜಕ್ಕೂ ಮುಳ್ಳು. ‘ಮುಳ್ಳು ಕಿತ್ತು ಸುಣ್ಣ ಹಚ್ಚಿ’ ಅಂತ ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ.

ಕುಂಬಳೆಯಿಂದ, ನಿವೃತ್ತ ನರ್ಸ್: ಮೇಷ್ಟ್ರೇ, ಮುಳ್ಳು ಸರಿ, ಸುಣ್ಣ ಬೇಡ. ಅದು ಚರ್ಮ ಸುಡುತ್ತದೆ. ಇನ್ನು ಕೀಳುವ ಮಾತು. ಜೇನಿನ ಮುಳ್ಳಿಗೆ ಕೊಕ್ಕೆ ಇರುವುದರಿಂದ ವಿಷದ ಚೀಲದ ಸಮೇತ ಚರ್ಮದಲ್ಲೇ ಉಳಿಯುತ್ತದೆ. ಅದನ್ನು ಕೂಡಲೇ ತೆಗೆಯಬೇಕು. ಉಗುರಿನಲ್ಲಿ ಕೆರೆದರೂ ಆಯ್ತು, ತಡಮಾಡಬಾರದು ಅಷ್ಟೆ. ಕಣಜ ಸಾಮಾನ್ಯವಾಗಿ ಮುಳ್ಳನ್ನು ವಾಪಸ್ ಎಳೆದುಕೊಂಡು ಹೋಗುತ್ತದೆ. ಇಲ್ಲದ ಮುಳ್ಳಿಗಾಗಿ ಸುಮ್ನೆ ಸೂಜಿ ಹಾಕಿ ಕೆದಕಿದರೆ ಗಾಯವಾಗುತ್ತದೆ. ‘ಮುಳ್ಳು ಕಂಡರೆ ಮಾತ್ರ ತೆಗೆಯಿರಿ’ ಅಂತ ಬರೆಯಿರಿ.

ನಿಮ್ಮ ಅಪ್ಪನದು ಕಚ್ಚಿದ ಜಾಗದಿಂದಲೇ ಹಬ್ಬಿದ ಊತ. ಅದು ಎರಡು ದಿನ ಜಾಸ್ತಿಯಾಗಿ, ಆಮೇಲೆ ಇಳಿಯಬಹುದು. ಸೋಪು ನೀರಲ್ಲಿ ತೊಳೆದು, ಉಂಗುರ ಬಿಚ್ಚಿ, ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಬೇಕು. ನೆರೆಮನೆಯವರದು ಬೇರೆಯೇ. ಕೈಗೆ ಕಚ್ಚಿದ್ದು, ತೊಂದರೆ ದೂರದಲ್ಲಿ. ಮೈಯೆಲ್ಲ ದದ್ದು, ತುಟಿ ನಾಲಿಗೆ ಊದುವುದು, ಗಂಟಲು ಕಟ್ಟುವುದು, ಉಬ್ಬಸ, ವಾಂತಿ, ತಲೆ ತಿರುಗುವುದು. ಉಸಿರು ಕಟ್ಟಿದರೆ ಅಥವಾ ಬವಳಿ ಬಂದರೆ ಕಾಯಬಾರದು. ನಡೆಸದೆ ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚುತ್ತಾರೆ. ತುರಿಕೆ ಮಾತ್ರೆ ಅದಕ್ಕೆ ಬದಲಿಯಲ್ಲ.

ಮುಳ್ಳೇರಿಯದಿಂದ: ‘ಕಣಜ’ ಅಂದಾಗ ನಾನು ಭತ್ತದ ಕಣಜ ಅಂದುಕೊಂಡೆ! ಕಡಜ ಅನ್ನಿ, ಗೊಂದಲ ಇರುವುದಿಲ್ಲ. ನನ್ನತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿನವರು ಮಲಯಾಳದಲ್ಲಿ ‘ನೀರುಂಡೋ’ ಎಂದು ಕೇಳಿದರು. ಅತ್ತೆ ‘ಬೇಡ, ಬಾಯಾರಿಕೆ ಇಲ್ಲ’ ಅಂದುಬಿಟ್ಟರು. ಅವರ ‘ನೀರ್’ ನಮ್ಮ ಊತ. ಪುಟದಲ್ಲಿ ಇದನ್ನೂ ಹಾಕಿ.

ಬದಿಯಡ್ಕದಿಂದ: ಖಂಡಿತ ಹಾಕುತ್ತೇನೆ. ಮೊದಲನೆಯದಕ್ಕೆ ‘ಕಚ್ಚಿದ ಜಾಗದ ಊತ’ ಎಂದು ಬರೆಯುತ್ತೇನೆ. ಎರಡನೆಯದಕ್ಕೆ ‘ಅಲರ್ಜಿ’ ಅಂದರೆ ನಮ್ಮಲ್ಲಿ ಬರೀ ತುರಿಕೆ ಅಂದುಕೊಳ್ಳುತ್ತಾರೆ. ‘ಮೈಯೆಲ್ಲ ಏರಿದ ನಂಜು’ ನಡೆಯುತ್ತದಾ?

ಪೆರ್ಲದ ಮೇಷ್ಟ್ರು: ನಂಜು ಅಂದರೆ ವಿಷವೂ ಹೌದು, ಗಾಯದ ಕೀವೂ ಹೌದು. ನನಗಿನ್ನೂ ಒಪ್ಪಿಗೆ ಇಲ್ಲ.