ಇಸಿಸಿ ರ್‍ಯಾಮ್ ಹಾಕಿದ ಮ್ಯಾಲೂ ಮೆಶ್ ನಡುವ ಬಂದ್ ಬೀಳಾಕತ್ತೈತಿ

ತಾರಿಹಾಳ_ಫಿಕ್ಸ್ಚರ್: ತಲಿ ಕೆಟ್ಟು ಹೋಗೈತಿ. ಸೋಮವಾರ ಗಿರಾಕಿಗೆ ಸ್ಟ್ರೆಸ್ ರಿಪೋರ್ಟ್ ಕೊಡಬೇಕು. ಮೆಶ್ ಒಮ್ಮೆ 40 ಪರ್ಸೆಂಟಿಗೆ ನಿಲ್ತೈತಿ, ಒಮ್ಮೆ 85ಕ್ಕ. ರೈಜನ್ 7, 16 ಜಿಬಿದು ನಾಲ್ಕು ಇಸಿಸಿ ಸ್ಟಿಕ್. ಮೆಮೊರಿಯಾಗಿನ ತಪ್ಪು ತಾನ ತಿದ್ದತೈತಿ ಅಂತ ಹೆಚ್ಚು ರೊಕ್ಕ ಕೊಟ್ಟು ತಗೊಂಡಿದ್ದು ಇದಕ್ಕೇನ್ರಿ?

ಹಾವೇರಿ_ಪವರ್: ಕರೆಂಟಿನ ಏರಿಳಿತ. ಯುಪಿಎಸ್ ಬ್ಯಾಟರಿ ಎಷ್ಟು ವರ್ಷದ್ದು? ನನ್ನ ಮಷೀನೂ ಹಿಂಗ ಮಾಡ್ತಿತ್ತು.

ಧಾರವಾಡ_ಸಾಲ್ವರ್: ಕರೆಂಟ್ ಹೋದ್ರ ಮಷೀನೇ ರಿಸ್ಟಾರ್ಟ್ ಆಗ್ತಿತ್ರಿ, ಇಲ್ಲಿ ಪ್ರೋಗ್ರಾಮ್ ಒಂದೇ ಸಾಯ್ತೈತಿ. ಅದೂ ದಿನಾ ಬ್ಯಾರೆ ಬ್ಯಾರೆ ಕಡೆ. ಮಾಡೆಲ್‌ದು ತಪ್ಪಿದ್ರ ಒಂದೇ ಜಾಗಾದಾಗ ನಿಲ್ತಿತ್ತು. ರೈಜನ್ 7 ಅಂದ್ರ ಯಾವುದು? ಪವರ್‌ಶೆಲ್‌ನ್ಯಾಗ ಇದನ್ನ ಹೊಡೀರಿ:

```
Get-CimInstance Win32_PhysicalMemoryArray | Select MemoryErrorCorrection
```

ತಾರಿಹಾಳ_ಫಿಕ್ಸ್ಚರ್: 3 ಅಂತ ಬಂತು. 5700G ರಿ.

ಧಾರವಾಡ_ಸಾಲ್ವರ್: ಅಲ್ಲೇ ಐತಿ ನೋಡ್ರಿ. 3 ಅಂದ್ರ ಇಸಿಸಿ ನಡೀತಾನೇ ಇಲ್ಲ. ಸಾಮಾನ್ಯವಾಗಿ ನಡೆದಿದ್ರ 5 ಇಲ್ಲಾ 6 ಬರ್ತಿತ್ತು. ಸಾದಾ 5700Gಗೆ ಇಸಿಸಿ ಇಲ್ಲ, ಆ ಸಾಲಿನ PRO ಚಿಪ್ಪಿಗಷ್ಟ ಐತಿ. ಸ್ಟಿಕ್ ಕೂಡ್ತಾವ, ಮಷೀನ್ ಚಾಲೂ ಆಗ್ತೈತಿ, ಆದ್ರ ಸಾದಾ ರ್‍ಯಾಮಿನಂಗ ಓಡ್ತಾವ. ಈ ತೊಂದರೆ ಶುರು ಆಗಿದ್ದು ಯಾವಾಗ?

ಗದಗ_ಕ್ಸಿಯಾನ್: ನನ್ನ ಹತ್ರ ಎರಡು ಕ್ಸಿಯಾನಿನ ಹಳೇ ವರ್ಕ್‌ಸ್ಟೇಷನ್ ಐತಿ, 128 ಜಿಬಿ ರಿಜಿಸ್ಟರ್ಡ್ ಇಸಿಸಿ. ಮೂರು ವರ್ಷದಾಗ ಒಮ್ಮೆನೂ ಬಿದ್ದಿಲ್ಲ. ನಾಲ್ಕು ಸ್ಟಿಕ್ ಹೆಚ್ಚಿಗಿ ಅದಾವ, ಬೇಕಾದ್ರ ಕಳಸ್ತೀನಿ.

ಧಾರವಾಡ_ಸಾಲ್ವರ್: ಬ್ಯಾಡ್ರಿ ಸರ್. ರಿಜಿಸ್ಟರ್ಡ್ ಸ್ಟಿಕ್ಕಿಗೆ ಅವರ ಬೋರ್ಡ್ ಬೂಟ್ ಆಗೂದಿಲ್ಲ. ಹಳೇ ಕ್ಸಿಯಾನ್ ಸಾಲ್ವರಿಗೆ ಛಲೋ. ಅಸೆಂಬ್ಲಿ ತಿರುಗಿಸಿ ನೋಡೂದು, ಸ್ಕೆಚ್ ರಿಬಿಲ್ಡ್ ಮಾಡೂದು ಹೆಚ್ಚಾಗಿ ಒಂದೇ ಕೋರಿನ ಕೆಲಸ, ಅಲ್ಲಿ ಈ ರೈಜನ್ನೇ ಚುರುಕು.

ಗದಗ_ಕ್ಸಿಯಾನ್: ಚುರುಕಾಗಿ ಬಿದ್ರ ಏನು ಉಪಯೋಗ? ಡಿಡಿಆರ್5 ತಗೊಂಡ್ರೂ ನಡೀತೈತಿ, ಅದರಾಗ ಇಸಿಸಿ ಒಳಗ ಇರ್ತೈತಿ.

ಧಾರವಾಡ_ಸಾಲ್ವರ್: ಅದು ಚಿಪ್ಪಿನ ಒಳಗಿನ ತಪ್ಪಷ್ಟ ತಿದ್ದತೈತಿ. ಸ್ಟಿಕ್‌ನಿಂದ ಪ್ರೊಸೆಸರ್ ತನಕ ಹೋಗೂ ದಾರಿಯಾಗ ಬಿಟ್ ಕೆಟ್ರ ಅದಕ್ಕ ಗೊತ್ತಾಗೂದಿಲ್ಲ.

ತಾರಿಹಾಳ_ಫಿಕ್ಸ್ಚರ್: ಹೇಳೂದು ಬಿಟ್ಟಿದ್ದೆ. ಮೊದಲು ಎರಡು ಸ್ಟಿಕ್ ಇದ್ದಾಗ ನಿಧಾನ ಇತ್ತು, ಬೀಳ್ತಿರಲಿಲ್ಲ. ಲೇಬಲ್ ಮ್ಯಾಲೆ 3200 ಇತ್ತು, ಬಯಾಸಿನ್ಯಾಗ ನಾನ ಅಷ್ಟ ಹಾಕಿದ್ದೆ.

ಧಾರವಾಡ_ಸಾಲ್ವರ್: ಡ್ಯುಯಲ್ ರ್‍ಯಾಂಕಿನವು ನಾಲ್ಕು ಹಾಕಿದ್ರ ಆ ಪ್ರೊಸೆಸರಿಗೆ ಖಾತ್ರಿ ಇರೂದು 2666 ತನಕ ಅಷ್ಟ. 2666 ಇಟ್ಟು ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಸ್ರಿ.

ತಾರಿಹಾಳ_ಫಿಕ್ಸ್ಚರ್: ಮೊದಲು 3200ಕ್ಕೇ ಓಡಿಸಿ ನೋಡಿದೆ, ಎರಡನೇ ಸುತ್ತಿನ್ಯಾಗ 11 ಎರರ್, ಎಲ್ಲಾ ಕೆಂಪು. 2666ಕ್ಕ ರಾತ್ರಿಯಿಡೀ ಒಂದೂ ಇಲ್ಲ. ಮುಂಜಾನೆ ಮೆಶ್ ಮುಗೀತ್ರಿ! ಈಗ 5700X ತಗೊಂಡ್ರ ಇಸಿಸಿ ಚಾಲೂ ಆಗ್ತೈತೇನು?

ಹಾವೇರಿ_ಪವರ್: ಆದ್ರೂ ಯುಪಿಎಸ್ ಒಮ್ಮೆ ತೋರಸ್ರಿ.

ಧಾರವಾಡ_ಸಾಲ್ವರ್: ಆ ಚಿಪ್ಪಿಗೆ ಬರ್ತೈತಿ, ಬೋರ್ಡಿನ ಬಯಾಸೂ ಒಪ್ಪಬೇಕು. ಅದರಾಗ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕಾಗ್ತೈತಿ. ಬೋರ್ಡ್ ಯಾವುದು?

ತಾರಿಹಾಳ_ಫಿಕ್ಸ್ಚರ್: ಡಬ್ಬಿ ಮನ್ಯಾಗ ಐತಿ, ಸಂಜಿಗೆ ನೋಡಿ ಹೇಳ್ತೀನಿ.