ಪದಚರ್ಚೆ: ಗುಡ್ ಫ್ರೈಡೆಗೆ ಗೆಳೆಯನಿಗೆ ಏನಂತ ಬರೆಯೋದು? (ತುರ್ತು)

ರವೀಶ, ಹಾಸನ:
ಎಲ್ಲರಿಗೂ ನಮಸ್ಕಾರ. ನಾಳೆ ಗುಡ್ ಫ್ರೈಡೆ. ಚಿಕ್ಕಮಗಳೂರಿನಲ್ಲಿರುವ ಹಳೆಯ ಗೆಳೆಯನಿಗೆ ಬೆಳಿಗ್ಗೆ ಎರಡು ಸಾಲು ಕನ್ನಡದಲ್ಲಿ ಕಳಿಸಬೇಕು. ‘ಶುಭ ಶುಕ್ರವಾರದ ಶುಭಾಶಯಗಳು’ ಅಂತ ಟೈಪ್ ಮಾಡಿ ಅಳಿಸಿದೆ. ಏಸುವನ್ನು ಶಿಲುಬೆಗೇರಿಸಿದ ದಿನಕ್ಕೆ ಶುಭಾಶಯ ಹೇಳೋದು ಹೇಗೆ? ಬೇರೆ ಮಾತು ಇದೆಯಾ? ರಾತ್ರಿಯೊಳಗೆ ಬೇಕು.

ಶ್ರೀಧರ, ಅರಸೀಕೆರೆ:
ಅದು ಮೂಲದಲ್ಲಿ ‘ಗಾಡ್ಸ್ ಫ್ರೈಡೆ’, ಅಂದರೆ ದೇವರ ಶುಕ್ರವಾರ. ಬಾಯಿಂದ ಬಾಯಿಗೆ ಬರುತ್ತಾ ‘ಗುಡ್’ ಆಯಿತು. ಅದನ್ನು ನಾವು ಕಣ್ಣು ಮುಚ್ಚಿ ‘ಶುಭ’ ಮಾಡಿಕೊಂಡೆವು, ಅದೂ ಸಂಸ್ಕೃತದಲ್ಲಿ. ‘ದೇವರ ಬೆಳ್ಳಿ’ ಅನ್ನಿ. ಹಳಗನ್ನಡದಲ್ಲಿ ಶುಕ್ರಗ್ರಹಕ್ಕೆ ಬೆಳ್ಳಿ ಅಂತಲೇ ಹೆಸರು. ತಮಿಳರು ಇವತ್ತಿಗೂ ಶುಕ್ರವಾರಕ್ಕೆ ವೆಳ್ಳಿ ಅನ್ನುತ್ತಾರೆ.

ಫಿಲೋಮಿನಾ, ಚಿಕ್ಕಮಗಳೂರು:
ಬೆಳ್ಳಿಯ ಮಾತು ಸರಿ. ಗಾಡ್ಸ್ ಫ್ರೈಡೆ ಕಥೆಗೆ ಆಧಾರ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಗುಡ್’ಗೆ ಪವಿತ್ರ ಅನ್ನುವ ಅರ್ಥವೂ ಇತ್ತು. ಬೈಬಲಿಗೆ ‘ಗುಡ್ ಬುಕ್’ ಅನ್ನೋದು ಅದೇ ಅರ್ಥದಲ್ಲಿ. ಹಾಗಾಗಿ ‘ಪವಿತ್ರ ಶುಕ್ರವಾರ’ ಅನ್ನುವವರು ಮೂಲಕ್ಕೆ ಹತ್ತಿರ ಇದ್ದಾರೆ. ಆದರೂ ಪತ್ರಿಕೆಗಳಲ್ಲಿ, ಚರ್ಚುಗಳಲ್ಲಿ ‘ಶುಭ ಶುಕ್ರವಾರ’ ಚೆನ್ನಾಗಿ ಬೇರೂರಿದೆ. ಅದನ್ನು ಕಿತ್ತು ಹಾಕಬೇಕಾಗಿಲ್ಲ.

ರವೀಶ್ ಅವರೇ, ತೊಡಕು ಇರೋದು ಇನ್ನೊಂದು ಕಡೆ. ಕನ್ನಡದಲ್ಲಿ ‘ಶುಭ’ದ ಪಕ್ಕ ಹೊತ್ತಿನ ಹೆಸರು ಬಂದರೆ ಅದು ಹಾರೈಕೆ ಆಗಿಬಿಡುತ್ತೆ. ಶುಭ ದಿನ, ಶುಭ ರಾತ್ರಿ ಇದ್ದ ಹಾಗೆ. ಬರೀ ‘ಶುಭ ಶುಕ್ರವಾರ!’ ಅಂತ ಕಳಿಸಿದರೆ ‘ಇವತ್ತು ಚೆನ್ನಾಗಿ ಕಳೀಲಿ’ ಅಂತ ಕೇಳಿಸುತ್ತೆ. ಅದನ್ನೇ ವಾಕ್ಯದೊಳಗೆ ತಂದು ವಿಭಕ್ತಿ ಹಚ್ಚಿ. ‘ಶುಭ ಶುಕ್ರವಾರದಂದು ನಿನ್ನನ್ನು ನೆನೆದೆ’ ಅಂದರೆ ಅದು ದಿನದ ಹೆಸರು ಅಷ್ಟೆ. ಆಶ್ಚರ್ಯದ ಗುರುತು, ಹೂವಿನ ಚಿತ್ರ ಬೇಡ. ‘ಸಂತಾಪ’ ಅಂತಲೂ ಬರೀಬೇಡಿ, ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಆಗುತ್ತೆ.

ನಿಮ್ಮ ಗೆಳೆಯರು ಕಥೋಲಿಕರಾ, ಪ್ರಾಟೆಸ್ಟಂಟ್ ಸಿಎಸ್‌ಐ ಚರ್ಚಿನವರಾ?

ಮಂಜು, ಬೇಲೂರು:
ನನ್ನದು ಫ್ಲೆಕ್ಸ್ ಅಂಗಡಿ. ನಮ್ಮ ಲೀಡರ್‌ಗಳು ಪ್ರತಿ ವರ್ಷ ‘ಗುಡ್ ಫ್ರೈಡೆ ಹಬ್ಬದ ಹಾರ್ದಿಕ ಶುಭಾಶಯಗಳು’ ಅಂತಲೇ ಆರ್ಡರ್ ಕೊಡ್ತಾರೆ. ಮೊಹರಂಗೂ ಅದೇ ಸಾಲು. ನಾನು ಏನು ಹಾಕಲಿ? ಕೈ ಮುಗಿದ ಫೋಟೋ ಪಕ್ಕ ಎರಡೇ ಸಾಲಿಗೆ ಜಾಗ ಇದೆ.

ಶ್ರೀಧರ, ಅರಸೀಕೆರೆ:
ಫ್ಲೆಕ್ಸ್ ಇಲ್ಲಿ ವಿಷಯಾಂತರ. ‘ಬೇರೂರಿದೆ’ ಅನ್ನೋದು ವಾದವೇ ಅಲ್ಲ. ಹೀಗೆ ಬಿಟ್ಟುಕೊಟ್ಟೇ ಕನ್ನಡ ಈ ಗತಿಗೆ ಬಂದಿದೆ.

ರವೀಶ, ಹಾಸನ:
ಸಿಎಸ್‌ಐ, ಮೇಡಂ.

ಫಿಲೋಮಿನಾ, ಚಿಕ್ಕಮಗಳೂರು:
ಹಾಗಾದರೆ ಮಧ್ಯಾಹ್ನ 12ರಿಂದ 3ರವರೆಗೆ ಫೋನ್ ಮಾಡಬೇಡಿ. ಶಿಲುಬೆಯ ಮೇಲೆ ಏಸು ಆಡಿದ ಏಳು ಮಾತುಗಳ ಮೇಲೆ ಆ ಹೊತ್ತಿನಲ್ಲೇ ಆರಾಧನೆ ಇರೋದು ಜಾಸ್ತಿ. ನಮ್ಮಲ್ಲಿ, ಅಂದರೆ ಕಥೋಲಿಕರಲ್ಲಿ, ಅವತ್ತು ಪೂಜೆಯೇ ಇಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಯಾತನೆಯ ಕಥೆ ಓದುತ್ತಾರೆ, ಶಿಲುಬೆಗೆ ಮುತ್ತಿಡುತ್ತಾರೆ. ಗುರುವಾರ ಸಂಜೆ ನಿಂತ ಗಂಟೆ ಶನಿವಾರ ರಾತ್ರಿಯ ಜಾಗರಣೆಯಲ್ಲೇ ಮತ್ತೆ ಬಾರಿಸೋದು. ನಾವು ನಾವೇ ಎದುರಾದರೂ ಅವತ್ತು ‘ಶುಭಾಶಯ’ ಅನ್ನೋಲ್ಲ. ‘ಪ್ರಾರ್ಥನೆಗೆ ಹೋಗಿದ್ರಾ?’ ಅಂತ ಕೇಳ್ತೀವಿ, ಅಷ್ಟೆ.

ನಿಮ್ಮ ಸಾಲು ಹೀಗಿರಲಿ: ‘ಇವತ್ತು ಶುಭ ಶುಕ್ರವಾರ, ಪ್ರಾರ್ಥನೆಯಲ್ಲಿ ಇರ್ತೀಯ ಅಂತ ಗೊತ್ತು. ನಿನ್ನನ್ನೂ ಮನೆಯವರನ್ನೂ ನೆನೆದೆ. ಭಾನುವಾರ ಮಾತಾಡೋಣ.’ ಶುಭಾಶಯವನ್ನು ಈಸ್ಟರ್‌ಗೆ ಇಟ್ಟುಕೊಳ್ಳಿ, ಅವತ್ತು ಎಷ್ಟು ಬೇಕಾದರೂ ಹೇಳಬಹುದು.

ಮಂಜು, ನಿಮ್ಮ ಬೋರ್ಡಿಗೆ ‘ಶುಭ ಶುಕ್ರವಾರ: ಏಸುವಿನ ತ್ಯಾಗಕ್ಕೆ ನಮನ’ ಸಾಕು. ಮೊಹರಂ ವಿಷಯ ಅದನ್ನು ಆಚರಿಸುವವರನ್ನೇ ಕೇಳಿ.

ಶ್ರೀಧರ, ಅರಸೀಕೆರೆ:
ತ್ಯಾಗ, ನಮನ. ಮತ್ತೆ ಸಂಸ್ಕೃತ.

ಫಿಲೋಮಿನಾ, ಚಿಕ್ಕಮಗಳೂರು:
‘ಶಿಲುಬೆ’ಯ ಬೇರು ಹುಡುಕಿದರೆ ಸಿರಿಯಾಕ್ ಭಾಷೆಗೆ ಹೋಗುತ್ತೆ. ‘ಇಗರ್ಜಿ’ ಪೋರ್ಚುಗೀಸ್. ಇವನ್ನೂ ತೆಗೆಯೋಣ್ವಾ? ಮಲಯಾಳಿಗಳು ‘ದುಃಖವೆಳ್ಳಿ’ ಅನ್ನುತ್ತಾರೆ. ಅರ್ಧ ಸಂಸ್ಕೃತ, ಅರ್ಧ ನಿಮ್ಮ ಬೆಳ್ಳಿ. ಆ ದಿನಕ್ಕೆ ಅದಕ್ಕಿಂತ ಒಪ್ಪುವ ಹೆಸರು ನಾನು ಕೇಳಿಲ್ಲ.

ಶ್ರೀಧರ, ಅರಸೀಕೆರೆ:
‘ಅಳಲಬೆಳ್ಳಿ’ ಅನ್ನಬಹುದಲ್ವಾ? ಅಳಲು ಅಚ್ಚ ಕನ್ನಡ. ಬಳಸಿದರೆ ತಾನೇ ಬಳಕೆಗೆ ಬರೋದು?

ಫಿಲೋಮಿನಾ, ಚಿಕ್ಕಮಗಳೂರು:
ಕವಿತೆಯಲ್ಲಿ ಬಳಸಿ, ಚೆನ್ನಾಗಿದೆ. ಮೆಸೇಜಿನಲ್ಲಿ ಬಂದರೆ ಓದಿದವರು ಒಡವೆ ಅಂಗಡಿಯ ಹೆಸರು ಅಂದುಕೊಳ್ಳುತ್ತಾರೆ.

ರವೀಶ, ಹಾಸನ:
ಮೇಡಂ ಹೇಳಿದ ಸಾಲನ್ನೇ ಕಳಿಸ್ತೀನಿ. ‘ಶುಭ’ ತೆಗೆದು ‘ಗುಡ್ ಫ್ರೈಡೆ’ ಹಾಕಿದೆ, ನಾವಿಬ್ಬರೂ ಮಾತಿನಲ್ಲಿ ಹಾಗೇ ಅನ್ನೋದು.

ಶ್ರೀಧರ, ಅರಸೀಕೆರೆ:
ಕೊನೆಗೂ ಇಂಗ್ಲಿಷೇ ಗೆದ್ದಿತು. ‘ಬೆಳ್ಳಿ’ ಬಗ್ಗೆ ಬೇರೆ ಎಳೆ ತೆರೆಯುತ್ತೇನೆ.

ಮಂಜು, ಬೇಲೂರು:
ನಮನ ಓಕೆ ಅಂದ್ರು. ಆದ್ರೆ ಹಿನ್ನೆಲೆಗೆ ಬಲೂನ್ ಬೇಕಂತೆ.